ತ್ರಿಯೇಕ ಸಿದ್ಧಾಂತ: ನೈಸೀಯ ಸಭೆಯಲ್ಲಿ ಮುಗಿಯದ ಜಗಳ

ಪ್ರಶ್ನೆ: ಸರ್, ನಾನು ಎಂ.ಎ. ಇತಿಹಾಸ ಓದುತ್ತಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ಕ್ರೈಸ್ತರಲ್ಲ, ನಾನು ಚರ್ಚಿನೊಳಗೆ ಕಾಲಿಟ್ಟದ್ದೂ ಕಡಿಮೆ. ತಂದೆ, ಮಗ, ಪವಿತ್ರಾತ್ಮ ಮೂವರೂ ದೇವರು, ಆದರೂ ದೇವರು ಒಬ್ಬನೇ ಅಂತ ಪಠ್ಯದಲ್ಲಿದೆ. ಇದು ನಮ್ಮ ತ್ರಿಮೂರ್ತಿಗಳ ಹಾಗೇನಾ? 'ತ್ರಿಯೇಕ' ಅನ್ನುವ ಪದ ಬೈಬಲಿನಲ್ಲೇ ಇಲ್ಲ, 325ರಲ್ಲಿ ರೋಮನ್ ಚಕ್ರವರ್ತಿ ಮತ ಹಾಕಿಸಿ ಯೇಸುವನ್ನು ದೇವರು ಮಾಡಿದ ಅಂತಲೂ ಓದಿದೆ. ನಿಜ ಏನು?

ಉತ್ತರ: ಪದ ಬೈಬಲಿನಲ್ಲಿ ಇಲ್ಲ, ಆ ಮಾತು ಸರಿ. ಚಕ್ರವರ್ತಿ ಸಭೆ ಕರೆದದ್ದೂ ಸರಿ. ಆದರೆ ಅಲ್ಲಿ ಕೈ ಎತ್ತಿಸಿ ಯೇಸುವಿಗೆ ದೇವರ ಪಟ್ಟ ಕಟ್ಟಿದರು ಎಂಬುದು ಕಟ್ಟುಕತೆ. ಆ ಸಭೆಯಲ್ಲಿ ಸೋತವನು ಕೂಡ ಯೇಸುವನ್ನು ಬರೀ ಮನುಷ್ಯ ಎಂದಿರಲಿಲ್ಲ. ಇನ್ನೂ ಒಂದು ವಿಷಯವನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ: ನೀವು ಓದುತ್ತಿರುವ ಸಿದ್ಧಾಂತ 325ರಲ್ಲಿ ಇನ್ನೂ ಸಿದ್ಧವಾಗಿರಲೇ ಇಲ್ಲ. ಅದು ಒಂದು ರೂಪಕ್ಕೆ ಬಂದದ್ದು 381ರಲ್ಲಿ. ನಡುವಿನ ಐವತ್ತಾರು ವರ್ಷಗಳನ್ನು ಒಂದೇ ಸಾಲಿನಲ್ಲಿ ಹಾರಿಸಿಬಿಡುವುದರಿಂದಲೇ ಇಡೀ ವಿಷಯ ಒಗಟಿನಂತೆ ಕಾಣುತ್ತದೆ. ಹಾಗಾಗಿ ನಾನು ಹೆಚ್ಚು ಹೊತ್ತು ಆ ಐವತ್ತಾರು ವರ್ಷಗಳಲ್ಲೇ ನಿಲ್ಲುತ್ತೇನೆ. ತ್ರಿಮೂರ್ತಿಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು-ಮೂರರ ಲೆಕ್ಕವನ್ನು ಬದಿಗಿಡಿ. ಆದಿ ಕ್ರೈಸ್ತರು ಯೆಹೂದ್ಯರು. 'ಇಸ್ರಾಯೇಲೇ ಕೇಳು, ನಮ್ಮ ದೇವರಾದ ಕರ್ತನು ಒಬ್ಬನೇ' ಎಂಬುದನ್ನು ಪ್ರಾರ್ಥನೆಯಲ್ಲಿ ಹೇಳುತ್ತ ಬೆಳೆದವರು. ಅದೇ ಜನ ಯೇಸುವನ್ನು 'ಕರ್ತ' ಎಂದು ಕರೆದರು, ಅವನ ಹೆಸರು ಹಿಡಿದು ಪ್ರಾರ್ಥಿಸಿದರು, ಹೊಸಬರಿಗೆ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸಿದರು. ಇದು ಒಳಗಿನವರ ಹೇಳಿಕೆ ಮಾತ್ರವಲ್ಲ, ಹೊರಗಿನವನ ಸಾಕ್ಷ್ಯವೂ ಇದೆ. ಸುಮಾರು 112ರಲ್ಲಿ ಇಂದಿನ ಟರ್ಕಿಯ ಉತ್ತರ ಭಾಗದ ಬಿಥಿನಿಯಾ ಪ್ರಾಂತದ ರಾಜ್ಯಪಾಲನಾಗಿದ್ದ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಒಂದು ವರದಿ ಕಳಿಸಿದ. ಈ ಜನ ಒಂದು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂಬಂತೆ ಸರದಿಯ ಮೇಲೆ ಹಾಡಿ ಸ್ತುತಿಸುತ್ತಾರೆ ಎಂಬುದು ಅದರಲ್ಲಿದೆ. ನೀವು ಹೇಳಿದ 325ರ ಸಭೆಗೆ, ಅಂದರೆ ನೈಸೀಯ ಸಭೆಗೆ, ಇನ್ನೂ ಇನ್ನೂರು ವರ್ಷ ಬಾಕಿ ಇತ್ತು. ಅಂದರೆ ಆಚರಣೆ ಮೊದಲು ಬಂತು, ವಿವರಣೆ ಹಿಂದಿನಿಂದ ಏದುಸಿರು ಬಿಡುತ್ತ ಬಂತು. ಇದೊಂದನ್ನು ಹಿಡಿದುಕೊಂಡರೆ ಮುಂದಿನ ಜಗಳಗಳೆಲ್ಲ ಅರ್ಥವಾಗುತ್ತವೆ: ದೇವರು ಒಬ್ಬನೇ ಎನ್ನುವವರು ಮೂರು ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದಾರೆ, ಏನು ಮಾಡುತ್ತಿದ್ದೇವೆಂದು ತಮಗೇ ವಿವರಿಸಿಕೊಳ್ಳಬೇಕಾಗಿದೆ.

ಅದಕ್ಕೆ ಆಕರ ಗ್ರಂಥದಲ್ಲೇ ಎರಡೂ ಕಡೆಗೆ ಎಳೆಯುವ ಮಾತುಗಳಿದ್ದವು. ಯೋಹಾನನ ಸುವಾರ್ತೆಯಲ್ಲಿ ತೋಮನು ಯೇಸುವಿಗೆ 'ನನ್ನ ಕರ್ತನೇ, ನನ್ನ ದೇವರೇ' ಎನ್ನುತ್ತಾನೆ. ಅದೇ ಸುವಾರ್ತೆಯಲ್ಲಿ ಯೇಸು 'ತಂದೆ ನನಗಿಂತ ದೊಡ್ಡವನು' ಎನ್ನುತ್ತಾನೆ. ಮೂರನೆಯ ಶತಮಾನದ ಆರಂಭದಲ್ಲಿ ಕೆಲವರು ಸುಲಭದ ದಾರಿ ಹಿಡಿದರು. ಇರುವವನು ಒಬ್ಬನೇ, ಸೃಷ್ಟಿಯಲ್ಲಿ ತಂದೆಯಾಗಿ, ಯೇಸುವಿನಲ್ಲಿ ಮಗನಾಗಿ, ಆಮೇಲೆ ಪವಿತ್ರಾತ್ಮನಾಗಿ ತೋರಿಕೊಳ್ಳುತ್ತಾನೆ ಎಂಬ ವಿವರಣೆ ಅದು. ರೋಮಿನಲ್ಲಿದ್ದ ಸಬೆಲ್ಲಿಯಸ್‌ನ ಹೆಸರು ಇದಕ್ಕೆ ಅಂಟಿಕೊಂಡಿತು. ಹಾಗಾದರೆ ಶಿಲುಬೆಯ ಮೇಲೆ ಸತ್ತವನು ತಂದೆಯೇ? ಯೇಸು ಪ್ರಾರ್ಥಿಸಿದ್ದು ತನಗೆ ತಾನೇ ಹೇಳಿಕೊಂಡ ಮಾತೇ? ಈ ಪ್ರಶ್ನೆಗೆ ಉತ್ತರ ಬರಲಿಲ್ಲ. ಕಾರ್ಥೇಜಿನ ವಕೀಲಬುದ್ಧಿಯ ಲೇಖಕ ಟರ್ಟುಲಿಯನ್ ಸುಮಾರು 213ರಲ್ಲಿ ಪ್ರಾಕ್ಸಿಯಸ್ ಎಂಬುವನ ಮೇಲೆ ಇದೇ ಆಕ್ಷೇಪ ಎತ್ತಿ ಲೇವಡಿ ಮಾಡುತ್ತ 'ಟ್ರಿನಿಟಾಸ್' ಎಂಬ ಲ್ಯಾಟಿನ್ ಪದವನ್ನು, 'ಒಂದು ಸತ್ವ, ಮೂವರು ವ್ಯಕ್ತಿಗಳು' ಎಂಬ ಮಾತಿನ ಧಾಟಿಯನ್ನು ಬಳಕೆಗೆ ತಂದ. ಆದರೆ ಗ್ರೀಕ್ ಮಾತನಾಡುವ ಪೂರ್ವದವರಿಗೆ ಅವನು ಬರೆದದ್ದು ತಲುಪಿದ್ದು ಬಹಳ ಕಡಿಮೆ. ಅವರು ತಮ್ಮದೇ ದಾರಿಯಲ್ಲಿ ಎಡವಬೇಕಾಯಿತು.

ಎಡವಿದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ, ಸುಮಾರು 318ರಲ್ಲಿ. ಬಾವ್ಕಾಲಿಸ್ ಎಂಬ ಚರ್ಚಿನ ಪಾದ್ರಿ ಅರಿಯಸ್ ತನ್ನ ಬಿಷಪ್ ಅಲೆಗ್ಸಾಂಡರನ ಬೋಧನೆಯನ್ನು ಬಹಿರಂಗವಾಗಿ ಪ್ರಶ್ನಿಸಿದ. ಅರಿಯಸ್‌ನ ತರ್ಕ ಸರಳ, ಅಚ್ಚುಕಟ್ಟು. ದೇವರು ಎಂದರೆ ಯಾರಿಂದಲೂ ಹುಟ್ಟದವನು. ಮಗ ಎಂದರೆ ಹುಟ್ಟಿದವನು. ಹುಟ್ಟಿದವನಿಗೆ ಆರಂಭ ಇದ್ದೇ ತೀರಬೇಕು. ಆದ್ದರಿಂದ ಮಗನು ತಂದೆ ಇರುವ ಅರ್ಥದಲ್ಲಿ ದೇವರಲ್ಲ. 'ಅವನು ಇಲ್ಲದಿದ್ದುದೊಂದಿತ್ತು' ಎಂಬುದು ಅವರ ಘೋಷವಾಕ್ಯ. ಇಲ್ಲಿ 'ಕಾಲ' ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದಾರೆ, ಗಮನಿಸಿ. ಯಾಕೆಂದರೆ ಅರಿಯಸ್‌ನ ಪ್ರಕಾರವೂ ಮಗನು ಕಾಲಕ್ಕಿಂತ ಮೊದಲಿನವನು, ಲೋಕ ಸೃಷ್ಟಿಯಾದದ್ದು ಅವನ ಮೂಲಕವೇ. ಎಲ್ಲ ಸೃಷ್ಟಿಗಿಂತ ಮೇಲೆ, ದೇವರಿಗಿಂತ ಕೆಳಗೆ, ದೇವರ ಇಚ್ಛೆಯಿಂದ ಶೂನ್ಯದಿಂದ ಉಂಟಾದವನು. ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಲ್ಲಿ ದೇವರ ಜ್ಞಾನವೇ ಮಾತನಾಡುತ್ತ 'ಕರ್ತನು ತನ್ನ ಕಾರ್ಯಗಳ ಮೊದಲಲ್ಲಿ ನನ್ನನ್ನು ಸೃಷ್ಟಿಸಿದನು' ಎನ್ನುತ್ತದೆ. ಆಗಿನ ಗ್ರೀಕ್ ಬೈಬಲಿನಲ್ಲಿ ಈ ಮಾತು ಹೀಗೆಯೇ ಇತ್ತು, ಅರಿಯಸ್‌ನ ಕಡೆಯವರಿಗೆ ಇದು ದೊಡ್ಡ ಆಧಾರ.

ಅಲೆಗ್ಸಾಂಡರ್ ಮತ್ತು ಅವನ ಸಹಾಯಕ ಅಥನಾಸಿಯಸ್ ಇದಕ್ಕೆ ಕೊಟ್ಟ ಉತ್ತರವೂ ಸರಳವೇ. ದೇವರು ಯಾವತ್ತೂ ತಂದೆಯಾಗಿದ್ದರೆ ಮಗನೂ ಯಾವತ್ತೂ ಇರಬೇಕು. ಮಗನಿಲ್ಲದೆ ತಂದೆ ಎಂಬ ಮಾತಿಗೆ ಅರ್ಥವಿಲ್ಲ. ಅಥನಾಸಿಯಸ್ ಮುಂದೆ ಇನ್ನೊಂದು ಪೆಟ್ಟು ಕೊಟ್ಟ: ಮಗನು ಸೃಷ್ಟಿಯಾದವನು ಎನ್ನುತ್ತೀರಿ, ಆದರೂ ಅವನಿಗೆ ಪ್ರಾರ್ಥಿಸುತ್ತೀರಿ, ಅವನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸುತ್ತೀರಿ, ಹಾಗಾದರೆ ಸೃಷ್ಟಿಯನ್ನೇ ಆರಾಧಿಸಿದಂತಾಗಲಿಲ್ಲವೇ? ನೋಡಿ, ವಾದ ಮತ್ತೆ ಆರಾಧನೆಯ ಬಾಗಿಲಿಗೇ ಬಂದು ನಿಂತಿತು.

324ರಲ್ಲಿ ಪೂರ್ವದ ರಾಜ್ಯವನ್ನೂ ಗೆದ್ದ ಕಾನ್‌ಸ್ಟಂಟೈನ್ ಈ ಜಗಳದ ಬಗ್ಗೆ ಬರೆದ ಮೊದಲ ಪತ್ರ ಉಳಿದಿದೆ. ಇಷ್ಟು ಕ್ಷುಲ್ಲಕ ವಿಷಯಕ್ಕೆ ಯಾಕೆ ಹೊಡೆದಾಡುತ್ತೀರಿ, ರಾಜಿಯಾಗಿ ಎಂಬುದು ಅದರ ಸಾರ. ಅವನಿಗೆ ಬೇಕಾಗಿದ್ದದ್ದು ಶಾಂತಿ. ಅದಾಗದಿದ್ದಾಗ 325ರಲ್ಲಿ ನೈಸೀಯ ಎಂಬ ಪಟ್ಟಣದಲ್ಲಿ, ಇಂದಿನ ಟರ್ಕಿಯ ಇಜ್ನಿಕ್‌ನಲ್ಲಿ, ಬಿಷಪರ ಸಭೆ ಕರೆದ. ಅಲ್ಲಿ ಒಪ್ಪಿದ ವಿಶ್ವಾಸಪ್ರಮಾಣದಲ್ಲಿ, ಅಂದರೆ ಏನನ್ನು ನಂಬುತ್ತೇವೆ ಎಂದು ಸಾರುವ ಪಠ್ಯದಲ್ಲಿ, ಮಗನ ಬಗ್ಗೆ 'ಹುಟ್ಟಿದವನು, ಸೃಷ್ಟಿಸಲ್ಪಟ್ಟವನಲ್ಲ, ತಂದೆಯೊಂದಿಗೆ ಹೋಮೊಊಸಿಯೋಸ್' ಎಂದಿದೆ. ಕೊನೆಯ ಪದಕ್ಕೆ 'ಒಂದೇ ಸತ್ವದವನು' ಎಂದು ಅರ್ಥ ಮಾಡಿಕೊಳ್ಳಿ. ಜಿದ್ದಾಜಿದ್ದಿಯ ಮತದಾನ ನಡೆದದ್ದಕ್ಕೆ ಆಧಾರವಿಲ್ಲ. ಇನ್ನೂರೈವತ್ತಕ್ಕೂ ಹೆಚ್ಚು ಬಿಷಪರಲ್ಲಿ ಕೊನೆಯವರೆಗೂ ಸಹಿ ಹಾಕದೆ ಅರಿಯಸ್‌ನ ಜೊತೆ ಗಡೀಪಾರಾದವರು ಇಬ್ಬರೇ, ಲಿಬಿಯಾ ಕಡೆಯ ಸೆಕುಂಡಸ್ ಮತ್ತು ಥಿಯೋನಾಸ್. ಹಾಗೆಂದು ಉಳಿದವರೆಲ್ಲ ಮನಸಾರೆ ಒಪ್ಪಿದರು ಎಂದೂ ಅಲ್ಲ. ಪ್ಯಾಲೆಸ್ತೀನಿನ ಸಿಸೇರಿಯಾದ ಬಿಷಪ್ ಯೂಸೀಬಿಯಸ್ ಸಹಿ ಹಾಕಿದ ಮೇಲೆ ತನ್ನ ಊರಿನವರಿಗೆ ಪತ್ರ ಬರೆದು ಆ ಪದವನ್ನು ಯಾವ ಅರ್ಥದಲ್ಲಿ ಒಪ್ಪಿಕೊಂಡೆ ಎಂದು ಸಮಜಾಯಿಷಿ ಕೊಟ್ಟ. ಪತ್ರ ಓದಿದರೆ ಮುಜುಗರ ಎದ್ದು ಕಾಣುತ್ತದೆ.

ಮುಜುಗರಕ್ಕೆ ಕಾರಣವಿತ್ತು. ಆ ಪದ ಬೈಬಲಿನಲ್ಲಿರಲಿಲ್ಲ. ಅದು ದೇವರನ್ನು ತುಂಡು ಮಾಡಬಹುದಾದ ವಸ್ತುವಿನಂತೆ ಕಾಣಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ತಂದೆ-ಮಗ ಒಂದೇ ಎಂದುಬಿಟ್ಟರೆ ಸಬೆಲ್ಲಿಯಸ್ ಹಿಂಬಾಗಿಲಿನಿಂದ ಮತ್ತೆ ಒಳಗೆ ಬರುತ್ತಾನಲ್ಲ ಎಂಬ ಭಯವಿತ್ತು. ಆ ಭಯ ಸುಳ್ಳೂ ಆಗಿರಲಿಲ್ಲ. ನೈಸೀಯದ ಕಟ್ಟಾ ಬೆಂಬಲಿಗ, ಅಂಕಾರಾದ ಬಿಷಪ್ ಮಾರ್ಸೆಲಸ್ ಹೆಚ್ಚುಕಡಿಮೆ ಹಾಗೆಯೇ ಬೋಧಿಸತೊಡಗಿದ. ಒಂದೇ ದೈವ ಮಗನಾಗಿ ಚಾಚಿಕೊಂಡಿದೆ, ಕಡೆಗೆ ಮಗನ ಆಳ್ವಿಕೆ ಮುಗಿದು ಎಲ್ಲ ಒಂದರಲ್ಲೇ ಲೀನವಾಗುತ್ತದೆ ಎಂದ. ಅರಿಯಸ್‌ನನ್ನು ಒಪ್ಪದವರು ಕೂಡ ಇದರಿಂದ ಬೆಚ್ಚಿಬಿದ್ದರು. ಮುಂದಿನ ಮೂವತ್ತು ವರ್ಷ ಪೂರ್ವದ ಬಹುಪಾಲು ಬಿಷಪರು ಅರಿಯಸ್‌ನ ಶಿಷ್ಯರಾಗಿರಲಿಲ್ಲ, ಈ ಪದಕ್ಕೆ ಹೆದರಿದವರಾಗಿದ್ದರು. 'ಅರಿಯಸ್‌ವಾದಿಗಳು ಮತ್ತು ಸಂಪ್ರದಾಯಸ್ಥರು' ಎಂದು ಎರಡು ಬಣ ಮಾಡಿ ಬರೆದಿರುವ ಟಿಪ್ಪಣಿ ನಿಮ್ಮ ಕೈಯಲ್ಲಿದ್ದರೆ ಅದನ್ನು ನಂಬಬೇಡಿ. ಆ ಚಿತ್ರ ಅಥನಾಸಿಯಸ್ ತನ್ನ ಬರಹಗಳಲ್ಲಿ ಬಿಡಿಸಿದ್ದು. ವಿರೋಧಿಗಳನ್ನೆಲ್ಲ ಒಂದೇ ಗಾಣಕ್ಕೆ ಕಟ್ಟುವುದರಲ್ಲಿ ಅವನು ನಿಸ್ಸೀಮ.

ಪರಿಸ್ಥಿತಿ ಎಲ್ಲಿಗೆ ಹೋಯಿತೆಂದರೆ, ಕಾನ್‌ಸ್ಟಂಟೈನ್ ತಾನೇ ಅರಿಯಸ್‌ನನ್ನು ವಾಪಸ್ ಕರೆಸಿದ, ಅಥನಾಸಿಯಸ್‌ನನ್ನು ಗಡೀಪಾರು ಮಾಡಿದ, 337ರಲ್ಲಿ ಸಾಯುವ ಮುಂಚೆ ದೀಕ್ಷಾಸ್ನಾನ ಪಡೆದದ್ದು ಅರಿಯಸ್‌ನ ಸ್ನೇಹಿತನಾಗಿದ್ದ ಬಿಷಪನ ಕೈಯಿಂದ. ಅವನ ಮಗ ಕಾನ್‌ಸ್ಟಾಂಷಿಯಸ್ ನೈಸೀಯದ ಪದವನ್ನೇ ತೆಗೆಸಲು ಹೊರಟ. 360ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಹೊರಬಿದ್ದ ಅಧಿಕೃತ ಹೇಳಿಕೆ ಮಗನು ತಂದೆಗೆ 'ಸದೃಶನು' ಎಂದಷ್ಟೇ ಹೇಳಿತು, ಸತ್ವದ ಮಾತನ್ನೇ ಯಾರೂ ಎತ್ತಬಾರದೆಂದಿತು. ಯಾವ ವಿಷಯದಲ್ಲಿ ಸದೃಶ, ಎಷ್ಟರಮಟ್ಟಿಗೆ ಸದೃಶ ಎಂಬುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಚಕ್ರವರ್ತಿಯ ಆಜ್ಞೆಯೇ ಸಿದ್ಧಾಂತವನ್ನು ತೀರ್ಮಾನಿಸುವುದಾಗಿದ್ದರೆ ನೈಸೀಯದ ಕತೆ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಅದಕ್ಕೆ ಒಂದು ಕಾರಣ 362ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ನಡೆದ ಒಂದು ಸಣ್ಣ ಸಭೆ. ಇದು ಪರೀಕ್ಷೆಯಲ್ಲಿ ಬರುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಈ ಇಡೀ ಕತೆಯಲ್ಲಿ ಇದಕ್ಕಿಂತ ಹತ್ತಿರದಿಂದ ನೋಡಬೇಕಾದ ಘಟನೆ ಇನ್ನೊಂದಿಲ್ಲ. ಕ್ರೈಸ್ತಮತ ಬಿಟ್ಟು ಹಳೆಯ ದೇವತೆಗಳ ಕಡೆ ತಿರುಗಿದ ಚಕ್ರವರ್ತಿ ಜೂಲಿಯನ್ ಗಡೀಪಾರಾಗಿದ್ದ ಬಿಷಪರೆಲ್ಲ ಊರಿಗೆ ಮರಳಲಿ ಎಂದು ಅನುಮತಿ ಕೊಟ್ಟ. ಎಲ್ಲರೂ ವಾಪಸ್ ಬಂದು ಕಚ್ಚಾಡಿಕೊಳ್ಳಲಿ ಎಂಬುದೇ ಅವನ ಲೆಕ್ಕಾಚಾರ ಎಂದು ಅವನ ಸೇನೆಯಲ್ಲೇ ಇದ್ದ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. ಮರಳಿದ ಅಥನಾಸಿಯಸ್ ಸುಮಾರು ಇಪ್ಪತ್ತು ಬಿಷಪರನ್ನು ಸೇರಿಸಿಕೊಂಡು ಅಂತಿಯೋಕ್ಯ ನಗರದ ಒಡಕನ್ನು ಕೈಗೆತ್ತಿಕೊಂಡ.

ಅಂತಿಯೋಕ್ಯದಲ್ಲಿ ಅರಿಯಸ್‌ನನ್ನು ತಿರಸ್ಕರಿಸುವ ಎರಡು ಗುಂಪುಗಳಿದ್ದವು, ಪರಸ್ಪರ ಮುಖ ನೋಡುತ್ತಿರಲಿಲ್ಲ. ಹೈಪೋಸ್ಟಾಸಿಸ್ ಎಂದರೆ ನಿಜವಾದ ಇರವು ಎಂಬಂಥ ಅರ್ಥದ ಗ್ರೀಕ್ ಪದ. ಒಂದು ಗುಂಪು ದೇವರಲ್ಲಿ 'ಮೂರು ಹೈಪೋಸ್ಟಾಸಿಸ್' ಎನ್ನುತ್ತಿತ್ತು, ಇನ್ನೊಂದು 'ಒಂದೇ ಹೈಪೋಸ್ಟಾಸಿಸ್' ಎನ್ನುತ್ತಿತ್ತು. ಕೇಳಿದರೆ ಇದಕ್ಕಿಂತ ನೇರ ವಿರೋಧ ಇರಲಾರದು. ಸಭೆ ಏನು ಮಾಡಿತೆಂದರೆ, ಮೊದಲ ಕಡೆಯವರನ್ನು ಕರೆದು ವಿಚಾರಿಸಿತು: ಮೂರು ಎನ್ನುತ್ತೀರಲ್ಲ, ಅರಿಯಸ್‌ನ ಕಡೆಯವರ ಹಾಗೆ ಒಂದಕ್ಕೊಂದು ಸಂಬಂಧವಿಲ್ಲದ, ಬೇರೆ ಬೇರೆ ಸತ್ವದ ಮೂವರು ಎಂದು ನಿಮ್ಮ ಅಭಿಪ್ರಾಯವೇ? ಅಥವಾ ಮೂವರು ದೇವರುಗಳು ಎಂದೇ? ಅವರು ಇಲ್ಲವೆಂದರು. ನಮ್ಮದು ಮೂರು ಹೆಸರುಗಳ ತ್ರಿಯೇಕವಲ್ಲ, ನಿಜವಾಗಿ ತಂದೆ ಇದ್ದಾನೆ, ನಿಜವಾಗಿ ಮಗ ಇದ್ದಾನೆ, ನಿಜವಾಗಿ ಪವಿತ್ರಾತ್ಮ ಇದ್ದಾನೆ, ಆದರೆ ದೈವತ್ವ ಒಂದೇ ಎಂದರು. ಆಮೇಲೆ ಎರಡನೆಯ ಕಡೆಯವರನ್ನು ಕೇಳಿದರು: ಒಂದೇ ಎನ್ನುತ್ತೀರಲ್ಲ, ಸಬೆಲ್ಲಿಯಸ್‌ನ ಹಾಗೆ ಮಗನನ್ನೂ ಆತ್ಮನನ್ನೂ ಇಲ್ಲವಾಗಿಸುವುದಕ್ಕೋ? ಅವರೂ ಇಲ್ಲವೆಂದರು. ನಾವು ಹೈಪೋಸ್ಟಾಸಿಸ್ ಎಂಬುದನ್ನು 'ಸತ್ವ' ಎಂಬ ಅರ್ಥದಲ್ಲೇ ಬಳಸುತ್ತೇವೆ, ಮಗ ತಂದೆಯ ಸತ್ವದಿಂದಲೇ ಬಂದವನು, ಅದಕ್ಕೇ ಒಂದು ಎನ್ನುತ್ತೇವೆ ಎಂದರು. ಇಬ್ಬರೂ ಒಂದೇ ಮಾತನ್ನು ಹೇಳುತ್ತಿದ್ದಾರೆಂದು ಸಭೆ ಬರೆದುಕೊಂಡಿತು.

ಇದನ್ನು ಅಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 325ರ ನೈಸೀಯ ಪಠ್ಯವೇ ಎರಡು ಪದಗಳನ್ನು, ಸತ್ವ ಎಂಬ ಅರ್ಥದ ಊಸಿಯಾ ಮತ್ತು ಹೈಪೋಸ್ಟಾಸಿಸ್, ಸಮಾನಾರ್ಥಕಗಳಂತೆ ಬಳಸಿತ್ತು. ಅಂದರೆ 'ಸತ್ವ ಒಂದು, ಹೈಪೋಸ್ಟಾಸಿಸ್ ಮೂರು' ಎಂಬ ಇಂದಿನ ಸೂತ್ರ ನೈಸೀಯದ ಭಾಷೆಯಲ್ಲಿ ಹೇಳಲಿಕ್ಕೇ ಬರುತ್ತಿರಲಿಲ್ಲ. ಲ್ಯಾಟಿನ್ ಬಲ್ಲವರ ಪಾಡು ಇನ್ನೂ ಕಷ್ಟ. ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ 370ರ ದಶಕದಲ್ಲಿ ಸಿರಿಯಾದ ಮರಳುಗಾಡಿನಲ್ಲಿ ತಪಸ್ಸು ಮಾಡುತ್ತಿದ್ದಾಗ, ಇಲ್ಲಿಯವರು ನನ್ನಿಂದ 'ಮೂರು ಹೈಪೋಸ್ಟಾಸಿಸ್' ಎಂದು ಹೇಳಿಸಲು ಪೀಡಿಸುತ್ತಿದ್ದಾರೆ, ಇದರೊಳಗೆ ವಿಷವಿದೆಯೆಂದು ನನ್ನ ಅನುಮಾನ ಎಂದು ರೋಮಿನ ಬಿಷಪನಿಗೆ ದೂರು ಬರೆದ.

ಅಲೆಕ್ಸಾಂಡ್ರಿಯದ ಈ ಸಮಾಧಾನ ಫಲ ಕೊಟ್ಟಿತೇ? ಅಂತಿಯೋಕ್ಯದಲ್ಲಂತೂ ಇಲ್ಲ. ಪತ್ರ ತಲುಪುವಷ್ಟರಲ್ಲಿ ಲೂಸಿಫರ್ ಎಂಬ ಹೆಸರಿನ ಹಟಮಾರಿ ಬಿಷಪನೊಬ್ಬ ಸಾರ್ಡಿನಿಯಾ ದ್ವೀಪದಿಂದ ಬಂದವನು, ಅಂತಿಯೋಕ್ಯದ ಸಣ್ಣ ಗುಂಪಿನ ನಾಯಕ ಪಾಲಿನಸ್‌ನಿಗೆ ಬಿಷಪ್ ಪದವಿ ಕೊಟ್ಟಾಗಿತ್ತು. ಒಡಕು ದಶಕಗಳ ಕಾಲ ಉಳಿಯಿತು. ಆದರೆ ದಾರಿ ತೆರೆದಿತ್ತು. ಆ ದಾರಿಯಲ್ಲಿ ಮುಂದೆ ನಡೆದವರು ಇಂದಿನ ಮಧ್ಯ ಟರ್ಕಿಯ ಕಪ್ಪದೋಕ್ಯ ಪ್ರಾಂತದ ಮೂವರು: ಸಿಸೇರಿಯಾದ ಬೆಸಿಲ್, ಅವನ ತಮ್ಮ ನಿಸ್ಸದ ಗ್ರೆಗರಿ, ಸ್ನೇಹಿತ ನಜಿಯಾಂಜಸ್‌ನ ಗ್ರೆಗರಿ. ಬೆಸಿಲ್ ಎರಡು ಪದಗಳನ್ನು ಬೇರ್ಪಡಿಸಿದ. ಊಸಿಯಾ ಎಂದರೆ ಎಲ್ಲರಿಗೂ ಸಮಾನವಾದದ್ದು. ಹೈಪೋಸ್ಟಾಸಿಸ್ ಎಂದರೆ ಒಬ್ಬೊಬ್ಬನ ವಿಶೇಷ. ನ್ಯಾಯಶಾಸ್ತ್ರದ ಜಾತಿ–ವ್ಯಕ್ತಿ ಜೋಡಿಯ ಪರಿಚಯ ನಿಮಗಿದ್ದರೆ ಇದು ಥಟ್ಟನೆ ಹೊಳೆಯುತ್ತದೆ. ದೈವತ್ವ ಸಮಾನ, ತಂದೆತನ, ಮಗತನ ವಿಶೇಷ.

ಅಷ್ಟರಲ್ಲಿ ಪವಿತ್ರಾತ್ಮನ ಪ್ರಶ್ನೆ ಎದ್ದಿತ್ತು. 325ರ ಪಠ್ಯದಲ್ಲಿ ಆತ್ಮನ ಬಗ್ಗೆ ಇರುವುದು 'ಪವಿತ್ರಾತ್ಮನನ್ನೂ ನಂಬುತ್ತೇವೆ' ಎಂಬಷ್ಟೇ. ಮಗನನ್ನು ಒಪ್ಪಿದ ಹಲವರು ಆತ್ಮನನ್ನು ದೇವರ ಶಕ್ತಿ ಅಥವಾ ಶ್ರೇಷ್ಠ ದೂತ ಎಂದುಕೊಂಡಿದ್ದರು. 374ರಲ್ಲಿ ಒಂದು ಹಬ್ಬದ ಆರಾಧನೆಯಲ್ಲಿ ಬೆಸಿಲ್ ಸ್ತುತಿಯನ್ನು ಎರಡು ರೀತಿಯಲ್ಲಿ ಹೇಳಿದ. ಒಮ್ಮೆ ವಾಡಿಕೆಯಂತೆ 'ಮಗನ ಮೂಲಕ, ಪವಿತ್ರಾತ್ಮನಲ್ಲಿ ತಂದೆಗೆ ಮಹಿಮೆ'. ಇನ್ನೊಮ್ಮೆ 'ಮಗನ ಜೊತೆಗೆ, ಪವಿತ್ರಾತ್ಮನ ಸಮೇತ ತಂದೆಗೆ ಮಹಿಮೆ'. ಸೇರಿದ್ದವರಲ್ಲಿ ಕೆಲವರು ಸಿಟ್ಟಾದರು, ಇದು ಹೊಸದಾಗಿ ಸೇರಿಸಿದ್ದು ಎಂದರು. ಹೊರಗಿನವರಿಗೆ ಇದು ವಿಭಕ್ತಿ ಪ್ರತ್ಯಯದ ಜಗಳ. ಆದರೆ ವಿರೋಧಿಗಳ ವಾದ ನಿಂತದ್ದೇ ಅದರ ಮೇಲೆ: 'ತಂದೆಯಿಂದ', 'ಮಗನ ಮೂಲಕ', 'ಆತ್ಮನಲ್ಲಿ' ಎಂದು ಬೇರೆ ಬೇರೆಯಾಗಿ ಹೇಳುವುದರಿಂದ ಮೂವರ ಸ್ವಭಾವವೂ ಬೇರೆ, ಒಬ್ಬ ಕರ್ತೃ, ಒಬ್ಬ ಸಾಧನ, ಒಬ್ಬ ಬರೀ ಸ್ಥಳ ಎಂದು ಅವರು ಹೇಳುತ್ತಿದ್ದರು. ಬೆಸಿಲ್ ಮರುವರ್ಷ ಪವಿತ್ರಾತ್ಮನ ಬಗ್ಗೆ ಒಂದು ಪುಸ್ತಕವನ್ನೇ ಬರೆದು, ಬೈಬಲಿನಲ್ಲಿ ಈ ಪ್ರತ್ಯಯಗಳು ಮೂವರಿಗೂ ಅದಲುಬದಲಾಗಿ ಬಂದಿವೆ ಎಂದು ಒಂದೊಂದೇ ವಾಕ್ಯ ಎತ್ತಿ ತೋರಿಸಿದ. ಅವನ ದೊಡ್ಡ ವಾದ ಮಾತ್ರ ಬೇರೆ: ದೀಕ್ಷಾಸ್ನಾನ ಕೊಡುವಾಗ ಮೂವರನ್ನೂ ಒಂದೇ ಸಾಲಿನಲ್ಲಿ ಹೆಸರಿಸುತ್ತೇವೆ, ಹೇಗೆ ದೀಕ್ಷೆ ಪಡೆದೆವೋ ಹಾಗೆ ನಂಬಬೇಕು, ಹೇಗೆ ನಂಬಿದೆವೋ ಹಾಗೆ ಸ್ತುತಿಸಬೇಕು. ಸ್ವಾರಸ್ಯವೆಂದರೆ ಇಷ್ಟು ಬರೆದ ಬೆಸಿಲ್ ಆ ಪುಸ್ತಕದಲ್ಲಿ ಆತ್ಮನನ್ನು ನೇರವಾಗಿ 'ದೇವರು' ಎಂದು ಕರೆಯಲೇ ಇಲ್ಲ. ಅನುಮಾನದಲ್ಲಿರುವವರನ್ನು ದೂರ ತಳ್ಳಬಾರದೆಂಬ ಎಚ್ಚರ.

ಈ ಚರ್ಚೆ ವಿದ್ವಾಂಸರ ಕೋಣೆಯಲ್ಲಷ್ಟೇ ಇತ್ತು ಎಂದುಕೊಳ್ಳಬೇಡಿ. ನಿಸ್ಸದ ಗ್ರೆಗರಿ ರಾಜಧಾನಿ ಕಾನ್‌ಸ್ಟಾಂಟಿನೋಪಲಿನ ಬೀದಿಗಳ ಬಗ್ಗೆ ಗೊಣಗುತ್ತಾನೆ: ಚಿಲ್ಲರೆ ಕೇಳಿದರೆ ಹುಟ್ಟಿದವನು-ಹುಟ್ಟದವನು ಎಂದು ತತ್ವ ಹೇಳುತ್ತಾರೆ, ರೊಟ್ಟಿಗೆ ಎಷ್ಟು ಎಂದರೆ ತಂದೆ ದೊಡ್ಡವನು ಮಗ ಚಿಕ್ಕವನು ಎಂಬ ಉತ್ತರ ಬರುತ್ತದೆ, ಸ್ನಾನಕ್ಕೆ ನೀರು ಕಾದಿದೆಯೇ ಎಂದರೆ ಮಗನು ಶೂನ್ಯದಿಂದ ಬಂದವನು ಎನ್ನುತ್ತಾರೆ.

ಇನ್ನು ಅಧಿಕಾರದ ವಿಷಯ. ನೈಸೀಯವನ್ನು ವಿರೋಧಿಸುತ್ತಿದ್ದ ಪೂರ್ವದ ಚಕ್ರವರ್ತಿ ವೇಲೆನ್ಸ್ 378ರಲ್ಲಿ ಗೋತರ ವಿರುದ್ಧ ಆಡ್ರಿಯಾನೋಪಲ್ ಯುದ್ಧದಲ್ಲಿ ಸತ್ತ. ಅವನ ಜಾಗಕ್ಕೆ ಬಂದ ಥಿಯೊಡೋಸಿಯಸ್ ಸ್ಪೇನಿನವನು, ನೈಸೀಯದ ಪಕ್ಷಪಾತಿ. 380ರಲ್ಲಿ ತ್ರಿಯೇಕವನ್ನು ನಂಬುವವರೇ ಅಧಿಕೃತ ಕ್ರೈಸ್ತರು ಎಂದು ಶಾಸನ ಹೊರಡಿಸಿದ, ಒಪ್ಪದ ರಾಜಧಾನಿಯ ಬಿಷಪನನ್ನು ಹೊರಹಾಕಿದ. ಆದ್ದರಿಂದ ನೀವು ಓದಿದ್ದರಲ್ಲಿ ಸ್ವಲ್ಪ ಸತ್ಯವಿದೆ. ಚಕ್ರವರ್ತಿ ಮತ್ತು ಇಸವಿ ಮಾತ್ರ ತಪ್ಪು. ಥಿಯೊಡೋಸಿಯಸ್ ಇಲ್ಲದಿದ್ದರೆ ಈ ಪಕ್ಷ ಇಷ್ಟು ಬೇಗ ಗೆಲ್ಲುತ್ತಿರಲಿಲ್ಲ. ಆದರೆ ಅವನು ಗೆಲ್ಲಿಸಿದ ಸೂತ್ರವನ್ನು ಅವನು ಮಾಡಿದ್ದಲ್ಲ. ನೈಸೀಯಕ್ಕೆ ಪ್ರತಿಕೂಲರಾದ ಚಕ್ರವರ್ತಿಗಳ ಕಾಲದಲ್ಲೇ ಅದು ಬೆಳೆದಿತ್ತು.

381ರ ಮೇ ತಿಂಗಳಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸುಮಾರು 150 ಬಿಷಪರು ಸೇರಿದರು. ಆತ್ಮನ ದೈವತ್ವ ಒಪ್ಪದ 36 ಮಂದಿಯನ್ನು ಒಲಿಸುವ ಪ್ರಯತ್ನ ನಡೆಯಿತು, ಅವರು ಎದ್ದು ಹೋದರು. ಆ ಸಭೆಯ ಹೆಸರಿನಲ್ಲಿ ಉಳಿದಿರುವ ಪಠ್ಯದಲ್ಲಿ ಆತ್ಮನು 'ಕರ್ತನೂ ಜೀವದಾಯಕನೂ, ತಂದೆಯಿಂದ ಹೊರಡುವವನೂ, ತಂದೆ ಮತ್ತು ಮಗನ ಜೊತೆಗೆ ಆರಾಧಿಸಲ್ಪಡುವವನೂ ಮಹಿಮೆ ಹೊಂದುವವನೂ' ಆಗಿದ್ದಾನೆ. 'ದೇವರು' ಎಂಬ ಪದ ಇಲ್ಲ, 'ಒಂದೇ ಸತ್ವದವನು' ಎಂಬುದೂ ಇಲ್ಲ. ಇರುವುದು 'ಜೊತೆಗೆ', ಏಳು ವರ್ಷದ ಹಿಂದೆ ಬೆಸಿಲ್‌ನ ಮೇಲೆ ಗಲಾಟೆ ಎಬ್ಬಿಸಿದ ಅದೇ ಮಾತು. ಯಾರನ್ನು ದೇವರ ಜೊತೆ ಸಮನಾಗಿ ಆರಾಧಿಸುತ್ತೇವೋ ಅವನು ಯಾರೆಂದು ಬೇರೆ ಹೇಳಬೇಕೇ ಎಂಬ ಧಾಟಿ. ಸಭೆಯ ಅಧ್ಯಕ್ಷತೆ ವಹಿಸಿದ್ದ ನಜಿಯಾಂಜಸ್‌ನ ಗ್ರೆಗರಿಗೆ ಇಷ್ಟು ಸಾಲದು ಅನ್ನಿಸಿತ್ತು. ಅವನು ಒಳರಾಜಕೀಯಕ್ಕೂ ಬೇಸತ್ತು ಸಭೆಯ ನಡುವೆಯೇ ರಾಜೀನಾಮೆ ಕೊಟ್ಟು ಊರಿಗೆ ಹೋದ. ಅಂದಹಾಗೆ ಅದೇ ಪಠ್ಯದಲ್ಲಿ 'ಆತನ ರಾಜ್ಯಕ್ಕೆ ಅಂತ್ಯವಿಲ್ಲ' ಎಂಬ ಸಾಲಿದೆ. ಅದು ಮಾರ್ಸೆಲಸ್‌ಗೆ ಹಾಕಿದ ಬೀಗ.

ಈಗ ತ್ರಿಮೂರ್ತಿಗಳಿಗೆ ಬರೋಣ. ಜಾತಿ–ವ್ಯಕ್ತಿ ವಿವರಣೆಯಲ್ಲಿ ಒಂದು ಅಪಾಯವಿತ್ತು, ನಿಮಗೂ ಹೊಳೆದಿರಬೇಕು. ಪೇತ್ರ, ಯಾಕೋಬ, ಯೋಹಾನ ಮೂವರಲ್ಲೂ ಮನುಷ್ಯತ್ವ ಸಮಾನ, ಅವರನ್ನು ಮೂವರು ಮನುಷ್ಯರು ಎನ್ನುತ್ತೇವೆ; ಹಾಗಾದರೆ ಇವರು ಮೂವರು ದೇವರುಗಳೇ ಆಗಬೇಕಲ್ಲ? ಅಬ್ಲಾಬಿಯಸ್ ಎಂಬಾತ ಇದನ್ನೇ ನಿಸ್ಸದ ಗ್ರೆಗರಿಯನ್ನು ಕೇಳಿದ. ಗ್ರೆಗರಿ ಕೊಟ್ಟ ಮೊದಲ ಉತ್ತರ, 'ಮೂವರು ಮನುಷ್ಯರು' ಎನ್ನುವುದೇ ಮಾತಿನ ಸಡಿಲ ಬಳಕೆ ಎಂಬುದು, ನನಗೆ ಇಂದಿಗೂ ಜಾಣತನದ ನುಣುಚಾಟವಾಗಿ ಕಾಣುತ್ತದೆ. ಎರಡನೆಯದರಲ್ಲಿ ಹುರುಳಿದೆ. ಮೂವರು ಮನುಷ್ಯರು ಒಂದೇ ಕಸುಬು ಮಾಡಿದರೂ ಒಬ್ಬೊಬ್ಬನ ಕೆಲಸ ಬೇರೆ: ಈ ಹೊಲ ಉತ್ತವನು ಇವನು, ಆ ಹೊಲ ಉತ್ತವನು ಅವನು. ದೇವರ ವಿಷಯದಲ್ಲಿ ಹಾಗಿಲ್ಲ. ಒಂದೊಂದು ಕೆಲಸವೂ ತಂದೆಯಿಂದ ಹೊರಟು, ಮಗನ ಮೂಲಕ ಸಾಗಿ, ಆತ್ಮನಲ್ಲಿ ಪೂರ್ಣವಾಗುವ ಒಂದೇ ಕೆಲಸ. ನಮಗೆ ಮೂರು ಜೀವ ಸಿಗುವುದಿಲ್ಲ, ಮೂವರಿಂದ ಒಂದೇ ಜೀವ ಸಿಗುತ್ತದೆ ಎಂದ.

ತ್ರಿಮೂರ್ತಿ ಹೋಲಿಕೆ ಮುರಿದು ಬೀಳುವುದು ಇಲ್ಲಿ. ನಮ್ಮ ಪುರಾಣಗಳ ಜನಪ್ರಿಯ ಚಿತ್ರದಲ್ಲಿ ಬ್ರಹ್ಮ ಸೃಷ್ಟಿಗೆ, ವಿಷ್ಣು ಸ್ಥಿತಿಗೆ, ಶಿವ ಲಯಕ್ಕೆ. ಮೂವರನ್ನು ಗುರುತಿಸುವುದೇ ಕೆಲಸದ ಹಂಚಿಕೆಯಿಂದ. ತ್ರಿಯೇಕದಲ್ಲಿ ಕೆಲಸ ಹಂಚಿದ ಕೂಡಲೇ ಮೂವರು ದೇವರಾಗುತ್ತಾರೆ ಎಂಬುದು ಗ್ರೆಗರಿಯ ವಾದ. ಅಲ್ಲಿ ಒಬ್ಬನನ್ನು ಇನ್ನೊಬ್ಬನಿಂದ ಬೇರೆಯಾಗಿ ಗುರುತಿಸುವುದು ಸಂಬಂಧದಿಂದ ಮಾತ್ರ: ಯಾರಿಂದಲೂ ಬರದವನು, ಹುಟ್ಟಿ ಬಂದವನು, ಹೊರಟು ಬಂದವನು. ಇನ್ನು ಮೂರ್ತಿ ಮೂರಾದರೂ ಒಳಗಿರುವ ಪರತತ್ವ ಒಂದೇ, ಮೂರು ಬರೀ ತೋರಿಕೆ ಎಂದು ವಿವರಿಸಿದಿರೋ, ಆಗ ನೀವು ಸಬೆಲ್ಲಿಯಸ್‌ನ ಪಕ್ಕದಲ್ಲಿ ಕುಳಿತಿರುತ್ತೀರಿ. ನೀರು, ಮಂಜುಗಡ್ಡೆ, ಹಬೆ ಎಂಬ ಹೋಲಿಕೆಗೂ ಇದೇ ಗತಿ. ಚರ್ಚಿನ ಪಾಠಶಾಲೆಗಳಲ್ಲೇ ಅದನ್ನು ಹೇಳಿಕೊಡುವವರಿದ್ದಾರೆ, 381ರ ಬಿಷಪರು ಕೇಳಿಸಿಕೊಂಡರೆ ಹೊರಗೆ ಕಳಿಸುತ್ತಿದ್ದರು. ಯಾವುದೇ ಹೋಲಿಕೆ ಸಿಕ್ಕಾಗ ಎರಡು ಪ್ರಶ್ನೆ ಹಾಕಿ ನೋಡಿ. ಇದರಲ್ಲಿ ಒಬ್ಬ ಇನ್ನೊಬ್ಬನ ಜೊತೆ ಮಾತನಾಡಬಲ್ಲನೇ? ಇಲ್ಲವಾದರೆ ಅದು ಸಬೆಲ್ಲಿಯಸ್‌ನದು. ಒಬ್ಬನಿಲ್ಲದೆ ಇನ್ನೊಬ್ಬ ಇರಬಲ್ಲನೇ, ಅಥವಾ ಒಬ್ಬ ಇನ್ನೊಬ್ಬನಿಗಿಂತ ಕೆಳಗೇ? ಹೌದಾದರೆ ಅದು ಅರಿಯಸ್‌ನ ಕಡೆಗೋ ಮೂರು ದೇವರ ಕಡೆಗೋ ವಾಲುತ್ತದೆ. ಎರಡನ್ನೂ ದಾಟುವ ಹೋಲಿಕೆ ನನಗಂತೂ ಸಿಕ್ಕಿಲ್ಲ.

ಉತ್ತರಪತ್ರಿಕೆಗೆ ಸಂಬಂಧಿಸಿ ಒಂದು ಎಚ್ಚರ. ಇಂದು ಚರ್ಚುಗಳಲ್ಲಿ 'ನೈಸೀಯ ವಿಶ್ವಾಸಪ್ರಮಾಣ' ಎಂದು ಹೇಳುವುದು 325ರ ಪಠ್ಯವಲ್ಲ, 381ರದ್ದು. ಅದು ದಾಖಲೆಯಾಗಿ ಮೊದಲು ಸಿಗುವುದು 451ರ ಕ್ಯಾಲ್ಸೆಡನ್ ಸಭೆಯ ನಡಾವಳಿಯಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ಆತ್ಮನ ಭಾಗವನ್ನು ಓದಿದರೆ ವ್ಯತ್ಯಾಸ ಒಂದೇ ನೋಟಕ್ಕೆ ಕಾಣುತ್ತದೆ. ಕ್ಯಾಥೋಲಿಕ್ ಚರ್ಚಿನಲ್ಲಿ ಆ ಪಠ್ಯ ಕೇಳಿದರೆ ಆತ್ಮನು 'ತಂದೆಯಿಂದಲೂ ಮಗನಿಂದಲೂ' ಹೊರಡುತ್ತಾನೆ ಎಂದು ಕೇಳಿಸುತ್ತದೆ; ಕೇರಳ ಮೂಲದ ಆರ್ಥೊಡಾಕ್ಸ್ ಚರ್ಚಿನಲ್ಲಿ 'ತಂದೆಯಿಂದ' ಎಂದಷ್ಟೇ. 'ಮಗನಿಂದಲೂ' ಎಂಬುದು ಪಶ್ಚಿಮದವರು ನಂತರ ಸೇರಿಸಿದ್ದು, ರೋಮಿನ ಆರಾಧನೆಗೆ ಅದು ಬಂದದ್ದು 1014ರಲ್ಲಿ. ಆ ಜಗಳ ಇನ್ನೂ ಮುಗಿದಿಲ್ಲ.